ಡೊಂಬಿವಲಿಯ ವರ: ಒಂದು ಮ್ಯಾಟ್ರಿಮನಿ ಪ್ರೊಫೈಲನ್ನು ತಿದ್ದುವ ಬಗೆ

ಮ್ಯಾಟ್ರಿಮನಿ ತಾಣಕ್ಕೆ ಹಾಕುವ ಪ್ರೊಫೈಲನ್ನು ಮನೆಯವರು ಬರೆದಾಗ ಒಂದು ವಿಚಿತ್ರ ಮತ್ತೆ ಮತ್ತೆ ಕಾಣುತ್ತದೆ. ಎದುರಿನವರಿಗೆ ತಿಳಿಯಲೇಬೇಕಾದ ಸಂಗತಿಗಳೆಲ್ಲ ಮಸುಕಾಗಿರುತ್ತವೆ. ಯಾರಿಗೂ ತಿಳಿಯಬೇಕಾಗಿಲ್ಲದ ಸಂಗತಿಗಳು ಮನೆ ನಂಬರಿನ ಸಮೇತ ಬಯಲಾಗಿರುತ್ತವೆ. ಹುಡುಗ ಎಲ್ಲಿದ್ದಾನೆ ಎಂಬುದಕ್ಕೆ ‘ಮುಂಬೈ’ ಎಂಬ ಒಂದೇ ಪದ. ಅವನ ತಂಗಿ ಎಲ್ಲಿ ಕೆಲಸ ಮಾಡುತ್ತಾಳೆ ಎಂಬುದಕ್ಕೆ ಕಂಪನಿಯ ಹೆಸರು, ಶಾಖೆ, ಹುದ್ದೆ ಎಲ್ಲವೂ ಇರುತ್ತದೆ. ನಮ್ಮ ಸಮಾಜದ ವಧೂವರ ವಿಭಾಗದಲ್ಲಿ ಇಂಥ ಪ್ರೊಫೈಲ್‌ಗಳನ್ನು ಓದಿ ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಹೆಚ್ಚಿನ ತಿದ್ದುಪಡಿ ಈ ಅದಲುಬದಲನ್ನು ಸರಿಪಡಿಸುವುದೇ ಆಗಿರುತ್ತದೆ.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಹುಡುಗನಿಗೆ 31 ವರ್ಷ. ಹುಟ್ಟಿ ಬೆಳೆದದ್ದು ಡೊಂಬಿವಲಿ, ಮೂಲ ಕುಂದಾಪುರ ತಾಲೂಕು. ಪ್ರೊಫೈಲ್ ಬರೆದವರು ಅವನ ತಂದೆ. ಅದು ಇಂಗ್ಲಿಷಿನಲ್ಲಿತ್ತು, ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ನನ್ನ ಮಗ ಸರಳ, ಸುಸಂಸ್ಕೃತ, ಕುಟುಂಬವತ್ಸಲ. ಆಧುನಿಕ ಮನೋಭಾವ, ಸಾಂಪ್ರದಾಯಿಕ ಮೌಲ್ಯಗಳು. ಪ್ರತಿಷ್ಠಿತ ಬಹುರಾಷ್ಟ್ರೀಯ ಕಂಪನಿಯಲ್ಲಿ ಉನ್ನತ ಹುದ್ದೆ, ವರ್ಷಕ್ಕೆ 18 ಲಕ್ಷ. ಮುಂಬೈಯಲ್ಲಿ ಎರಡು ಸ್ವಂತ ಫ್ಲ್ಯಾಟ್. ನಾನು ಕಳೆದ ವರ್ಷ ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಪತ್ನಿ ಗೃಹಿಣಿ. ಮಗಳು ಬಿ.ಇ., 26 ವರ್ಷ, ಅವಿವಾಹಿತೆ, ವಾಶಿಯಲ್ಲಿ ಕೆಲಸ. ಊರಿನಲ್ಲಿ ತೆಂಗಿನ ತೋಟ. ಹೊಂದಿಕೊಂಡು ಹೋಗುವ, ಮನೆವಾರ್ತೆ ತಿಳಿದ ಹುಡುಗಿ ಬೇಕು.”

ಇದರ ಕೆಳಗೆ ತಂದೆಯ ಮೊಬೈಲ್ ನಂಬರು, ಸೊಸೈಟಿಯ ಹೆಸರು, ವಿಂಗ್, ಫ್ಲ್ಯಾಟ್ ನಂಬರು, ಹುಡುಗ ಹುಟ್ಟಿದ ದಿನ, ಗಂಟೆ, ನಿಮಿಷ, ಆಸ್ಪತ್ರೆ, ತಾಯಿಯ ತವರು ಮನೆತನ ಮತ್ತು ತಂಗಿಯ ಕಂಪನಿಯ ಹೆಸರು. ಸುಳ್ಳು ಎಂದು ಬೆರಳಿಟ್ಟು ತೋರಿಸಬಹುದಾದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಆದರೂ ಅದನ್ನು ನಂಬಿ ಕುಂದಾಪುರದಿಂದ ಯಾರಾದರೂ ಹೆಣ್ಣು ಕೊಡಲು ಬಂದಿದ್ದರೆ, ಠಾಣೆ ಸ್ಟೇಷನ್ ದಾಟಿದ ಮೇಲೆ ಅವರ ಮುಖ ಸಣ್ಣದಾಗುತ್ತಿತ್ತು.

ಮೊದಲು ಊರು. ಡೊಂಬಿವಲಿ ಮುಂಬೈ ಅಲ್ಲ. ಅದು ಠಾಣೆ ಜಿಲ್ಲೆಯಲ್ಲಿದೆ, ಕಲ್ಯಾಣ–ಡೊಂಬಿವಲಿ ಮಹಾನಗರಪಾಲಿಕೆಗೆ ಸೇರಿದೆ. ಇಲ್ಲಿಯವರಿಗೆ ವಿರಾರ್‌ನಿಂದ ಪನ್ವೇಲ್‌ವರೆಗೆ ಎಲ್ಲವೂ ಮುಂಬೈ ಎಂಬುದು ರೂಢಿ, ಅದರಲ್ಲಿ ಮೋಸದ ಉದ್ದೇಶವಿಲ್ಲ. ಆದರೆ ಧಾರವಾಡದಲ್ಲೋ ಉಡುಪಿಯಲ್ಲೋ ಕುಳಿತು ಓದುವವರ ಕಣ್ಣಿಗೆ ಮುಂಬೈ ಎಂದರೆ ಮಾಟುಂಗಾ, ದಾದರ್, ಹೆಚ್ಚೆಂದರೆ ಅಂಧೇರಿ. ಮದುವೆಯಾಗಿ ಬರುವವಳು ತನ್ನ ಕೆಲಸಕ್ಕೆ ಲೋಕಲ್ ಹಿಡಿದು ಹೋಗಬೇಕು. ಡೊಂಬಿವಲಿಯಿಂದ ಐರೋಲಿಗೆ ಹೋಗುವುದಾದರೆ ಠಾಣೆಯಲ್ಲಿ ಇಳಿದು ಟ್ರಾನ್ಸ್ ಹಾರ್ಬರ್ ಗಾಡಿ ಹತ್ತಿದರೆ ಆಯಿತು. ಅಂಧೇರಿಯಲ್ಲಿ ಕೆಲಸ ಸಿಕ್ಕರೆ ದಿನಚರಿಯೇ ಬೇರೆ. ಹಾಗಾಗಿ ಸ್ಟೇಷನ್ನಿನ ಹೆಸರು ಪ್ರೊಫೈಲಿನಲ್ಲಿ ಇರಲೇಬೇಕು. ಸೊಸೈಟಿಯ ಹೆಸರು, ವಿಂಗ್, ಮಹಡಿ ಇರಲೇಬಾರದು. ಸ್ಟೇಷನ್ ಗೊತ್ತಾದರೆ ಬದುಕಿನ ಅಂದಾಜು ಸಿಗುತ್ತದೆ, ಸೊಸೈಟಿ ಗೊತ್ತಾದರೆ ಬಾಗಿಲು ಸಿಗುತ್ತದೆ. ಪುಣೆಯವರು ಹಿಂಜವಡಿ, ಹಡಪಸರ ಎಂದು ಬಡಾವಣೆಯವರೆಗೆ, ಗೋವೆಯವರು ವಾಸ್ಕೊ, ಮಡಗಾಂವ್ ಎಂದು ಪಟ್ಟಣದವರೆಗೆ ಹೇಳಿದರೆ ಸಾಕು.

ನಂತರ ‘ಎರಡು ಸ್ವಂತ ಫ್ಲ್ಯಾಟ್’. ಮುಂಬೈ ಸುತ್ತಮುತ್ತ ಇದರಷ್ಟು ಅರ್ಥಗಳಿರುವ ಮಾತು ಇನ್ನೊಂದಿಲ್ಲ. ಅದು ತಂದೆಯ ಹೆಸರಿನಲ್ಲಿರಬಹುದು, ಚಿಕ್ಕಪ್ಪನೊಂದಿಗೆ ಜಂಟಿಯಾಗಿರಬಹುದು. ಪಗಡಿ ಕೊಟ್ಟು ಹಿಡಿದ ಹಳೆಯ ಬಾಡಿಗೆ ಮನೆಯೂ ಇರಬಹುದು. ಅಲ್ಲಿ ಮಾಲೀಕ ಬೇರೆ, ನಮಗಿರುವುದು ಬಾಡಿಗೆಯ ಹಕ್ಕು ಮಾತ್ರ. ರೀಡೆವಲಪ್‌ಮೆಂಟಿಗೆ ಹೋಗಿರುವ ಕಟ್ಟಡವಾದರೆ ಮನೆ ಕಾಗದದ ಮೇಲಿದೆ, ಕುಟುಂಬ ಬಾಡಿಗೆ ಮನೆಯಲ್ಲಿದೆ. ನಮ್ಮ ಹುಡುಗನ ವಿಷಯದಲ್ಲಿ ವಿಚಾರಿಸಿದಾಗ ಹೊರಬಂದದ್ದು ಇಷ್ಟು: ಒಂದು ಫ್ಲ್ಯಾಟ್ ಡೊಂಬಿವಲಿಯಲ್ಲಿ, ತಂದೆಯ ಹೆಸರಿನಲ್ಲಿ, ಎಲ್ಲರೂ ಅಲ್ಲೇ ಇದ್ದಾರೆ. ಇನ್ನೊಂದು ಬದ್ಲಾಪುರದಲ್ಲಿ, ಮಗನ ಹೆಸರಿನಲ್ಲಿ, ಕಟ್ಟಡ ಇನ್ನೂ ಏಳುತ್ತಿದೆ, ತಿಂಗಳಿಗೆ 32,000 ರೂಪಾಯಿ ಸಾಲದ ಕಂತು ಹೋಗುತ್ತಿದೆ.

ತಂದೆ ಒಪ್ಪಲಿಲ್ಲ. “ಎರಡೂ ನಮ್ಮದೇ ಅಲ್ಲವೇ ಮೇಡಂ? ಕಂತು ಮುಗಿದ ಮೇಲೆ ನಮ್ಮದೇ ಆಗುತ್ತದೆ” ಎಂದರು. ಆಗುತ್ತದೆ, ಆಗಲಿ. ಆದರೆ ‘ಎರಡು ಸ್ವಂತ ಫ್ಲ್ಯಾಟ್’ ಎಂದು ಓದಿದ ಹುಡುಗಿ ಊಹಿಸಿಕೊಳ್ಳುವುದು ಬೇರೆ: ಒಂದರಲ್ಲಿ ಅತ್ತೆ ಮಾವ, ಇನ್ನೊಂದರಲ್ಲಿ ತಾವಿಬ್ಬರು. ವಾಕ್ಯ ನಿಜವಾಗಿದ್ದು ಅದು ಹುಟ್ಟಿಸುವ ಚಿತ್ರ ಸುಳ್ಳಾಗಿದ್ದರೆ, ತಿದ್ದಬೇಕಾದದ್ದು ಆ ಚಿತ್ರವನ್ನು. “ಡೊಂಬಿವಲಿಯಲ್ಲಿ ತಂದೆಯ ಮನೆಯಲ್ಲಿ ವಾಸ, ಸಾಲದಲ್ಲಿ ಕೊಂಡ ಇನ್ನೊಂದು ಮನೆ ನಿರ್ಮಾಣದಲ್ಲಿದೆ” ಎಂದು ಬರೆದೆವು. ಯಾವ ಯೋಜನೆ, ಯಾವ ಬಿಲ್ಡರ್ ಎಂಬುದು ಪ್ರೊಫೈಲಿಗೆ ಬೇಡ. ಮಾತುಕತೆ ಮುಂದುವರಿದಾಗ ಹೇಳಿದರೆ, ಬೇಕಾದವರು ಮಹಾರೇರಾ ಜಾಲತಾಣದಲ್ಲಿ ಆ ಯೋಜನೆಯ ನೋಂದಣಿಯನ್ನೂ ಮನೆ ಮುಗಿಯುವ ಘೋಷಿತ ದಿನಾಂಕವನ್ನೂ ತಾವೇ ನೋಡಿಕೊಳ್ಳಬಹುದು.

ಸಂಬಳಕ್ಕೂ ಇದೇ ಮಾತು. 18 ಲಕ್ಷ ಎಂದರೆ ತಿಂಗಳಿಗೆ ಒಂದೂವರೆ ಲಕ್ಷ ಎಂದು ಯಾರಾದರೂ ಭಾಗಿಸಿಕೊಳ್ಳುತ್ತಾರೆ. ಅವನ ನೇಮಕಾತಿ ಪತ್ರ ತೆರೆದು ನೋಡಿದರೆ ಆ 18ರಲ್ಲಿ 2 ಲಕ್ಷ ವರ್ಷಾಂತ್ಯದ ಸಾಧನೆ ನೋಡಿ ಕೊಡುವ ಹಣ, ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಮೂಲ ವೇತನ 7 ಲಕ್ಷ 20 ಸಾವಿರ. ಅದರ ಶೇ 12, ಅಂದರೆ 86,400 ರೂಪಾಯಿ, ಕಂಪನಿ ಭವಿಷ್ಯನಿಧಿಗೆ ಕಟ್ಟುತ್ತದೆ. ಗ್ರಾಚ್ಯುಟಿಗೆಂದು ಸುಮಾರು 34,600 ಎತ್ತಿಡುತ್ತದೆ. ಇವೂ ಆ 18 ಲಕ್ಷದ ಒಳಗೇ ಸೇರಿವೆ. ಉಳಿಯುವುದು ಸುಮಾರು 14 ಲಕ್ಷ 79 ಸಾವಿರ. ಅದರಿಂದ ಅವನ ಪಾಲಿನ ಭವಿಷ್ಯನಿಧಿ ಮತ್ತೆ 86,400, ವೃತ್ತಿ ತೆರಿಗೆ 2,500, 2025–26ರ ಹೊಸ ಪದ್ಧತಿಯ ಲೆಕ್ಕದಲ್ಲಿ ಆದಾಯ ತೆರಿಗೆ ಸುಮಾರು 94,000 ಕಳೆದರೆ ಕೈಗೆ ಬರುವುದು ತಿಂಗಳಿಗೆ 1 ಲಕ್ಷ 8 ಸಾವಿರದ ಆಸುಪಾಸು. ಬದ್ಲಾಪುರದ ಕಂತು ಹೋದ ಮೇಲೆ 76,000.

ಇಷ್ಟೆಲ್ಲ ಲೆಕ್ಕವನ್ನು ಪ್ರೊಫೈಲಿನಲ್ಲಿ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಬರೆಯಬಾರದು. ತಾಣದಲ್ಲಿ ಆದಾಯಕ್ಕೆ ಶ್ರೇಣಿಗಳಿರುತ್ತವೆ, ತನ್ನ ಶ್ರೇಣಿಯನ್ನು ಗುರುತು ಮಾಡಿದರೆ ಮುಗಿಯಿತು. ಎಲ್ಲರೂ ಕಂಪನಿಯ ಒಟ್ಟು ಪ್ಯಾಕೇಜನ್ನೇ ಹೇಳುವ ರೂಢಿ ಇರುವುದರಿಂದ ಅದು ಸುಳ್ಳೂ ಆಗುವುದಿಲ್ಲ. ಆದರೆ ವಿವರಣೆಯ ಭಾಗದಲ್ಲಿ ಅದೇ ಅಂಕಿಯನ್ನು ಇನ್ನೊಮ್ಮೆ ಮೆರೆಸುವ ಅಗತ್ಯವಿಲ್ಲ. ಎರಡೂ ಮನೆಯವರು ಕುಳಿತು ಮಾತನಾಡುವ ದಿನ, ಯಾರೂ ಕೇಳುವ ಮೊದಲೇ, ಕೈಗೆ ಬರುವ ಮೊತ್ತವನ್ನೂ ಸಾಲದ ಕಂತನ್ನೂ ಹುಡುಗನೇ ಹೇಳಬೇಕು. ‘ಉನ್ನತ ಹುದ್ದೆ’ಯನ್ನು ತೆಗೆದು ‘ಸಾಫ್ಟ್‌ವೇರ್ ಪರೀಕ್ಷಾ ವಿಭಾಗದಲ್ಲಿ ತಂಡದ ಮುಖ್ಯಸ್ಥ, ಐರೋಲಿ’ ಎಂದು ಬರೆದೆವು. ಕಂಪನಿಯ ಹೆಸರು ಬೇಡ ಎಂದೆ. ಏಕೆಂದು ಮುಂದೆ ಹೇಳುತ್ತೇನೆ.

ವಿಶೇಷಣಗಳಿಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಸರಳ, ಸುಸಂಸ್ಕೃತ, ಕುಟುಂಬವತ್ಸಲ ಎಂಬಲ್ಲಿ ಪಕ್ಕದ ಮನೆಯ ಹುಡುಗನ ಹೆಸರು ಹಾಕಿ ಓದಿದರೂ ಸರಿಹೊಂದುತ್ತದೆಯಾದರೆ ಆ ಸಾಲನ್ನು ಹೊಡೆದುಹಾಕಿ. ಜಗತ್ತಿನಲ್ಲಿ ತನ್ನ ಮಗ ಒರಟ, ದುಂದುಗಾರ, ಅಪ್ಪ ಅಮ್ಮನನ್ನು ಕಂಡರೆ ಆಗದವನು ಎಂದು ಬರೆದ ತಂದೆಯನ್ನು ನಾನಿನ್ನೂ ಕಂಡಿಲ್ಲ. ಹೊಡೆದ ಜಾಗಕ್ಕೆ ಏನು ಹಾಕಬೇಕೆಂದು ಹುಡುಗನನ್ನೇ ಕೇಳಿದೆ. “ಭಾನುವಾರ ಏನು ಮಾಡುತ್ತೀಯಪ್ಪ?” ತಾಳಮದ್ದಳೆ ಇದ್ದರೆ ಹೋಗುತ್ತಾನಂತೆ, ಇಲ್ಲದಿದ್ದರೆ ಮಧ್ಯಾಹ್ನದವರೆಗೆ ನಿದ್ದೆ. ಎರಡನ್ನೂ ಬರೆದೆವು. ಊಟದ ವಿಷಯದಲ್ಲಿ ತಾಣ ಕೊಡುವುದು ‘ಸಸ್ಯಾಹಾರಿ’, ‘ಮಾಂಸಾಹಾರಿ’ ಎಂಬ ಆಯ್ಕೆ. ಆದರೆ ‘ಮನೆಯಲ್ಲಿ ಮೀನು ಮಾಡುತ್ತೇವೆ, ಸೋಮವಾರ ಇಲ್ಲ’ ಎಂಬ ಸಾಲು ಆ ಮನೆಯ ಅಡುಗೆಮನೆಯನ್ನೇ ತೋರಿಸುತ್ತದೆ. ಕುಡಿತದ ಕಾಲಂನಲ್ಲಿ ತಂದೆ ‘ಇಲ್ಲ’ ಎಂದು ಗುರುತು ಮಾಡಿದ್ದರು. ಮಗ ನೆಲ ನೋಡುತ್ತಾ ‘ಅಪರೂಪಕ್ಕೆ’ ಎಂದ. ಆ ಕಾಲಂ ಬದಲಾಯಿತು. ಕಾಲಂಗಳನ್ನು ಹಗುರವಾಗಿ ಕಾಣಬಾರದು. ತಾಣ ಹುಡುಕುವುದು, ಸೋಸುವುದು ಅವುಗಳನ್ನು ನೋಡಿಯೇ ಹೊರತು ನಮ್ಮ ಚೆಂದದ ವಾಕ್ಯಗಳನ್ನು ನೋಡಿ ಅಲ್ಲ. ‘ಕುಡಿಯದವನೇ ಬೇಕು’ ಎಂದು ಗಟ್ಟಿಯಾಗಿ ಹೇಳಿದವಳ ಮುಂದೆಯೇ ತಪ್ಪು ಕಾಲಂ ಇವನನ್ನು ನಿಲ್ಲಿಸುತ್ತಿತ್ತು.

ಮುಂಬೈ, ಪುಣೆ ಕನ್ನಡಿಗರು ಮುಟ್ಟದೆ ಬಿಡುವ ಇನ್ನೊಂದು ಕಾಲಂ ಭಾಷೆಯದು. ‘ಮಾತೃಭಾಷೆ ಕನ್ನಡ’ ಎಂದು ತುಂಬಿ ಮುಂದೆ ಹೋಗುತ್ತಾರೆ. ಈ ಹುಡುಗ ಮನೆಯಲ್ಲಿ ಕುಂದಾಪುರ ಕನ್ನಡವನ್ನು ಅಜ್ಜಿಯಂತೆಯೇ ಆಡುತ್ತಾನೆ, ಆದರೆ ಒಂದಕ್ಷರ ಓದಲಾರ. ಗೆಳೆಯರೊಂದಿಗೆ ಮರಾಠಿ, ಕೆಲಸದಲ್ಲಿ ಇಂಗ್ಲಿಷ್. ಊರಿನ ಹುಡುಗಿಗೆ ಇದು ತೊಡಕೇನೂ ಅಲ್ಲದಿರಬಹುದು, ಆದರೆ ಅವಳು ಕನ್ನಡದಲ್ಲಿ ಬರೆದ ಮೊದಲ ಸಂದೇಶಕ್ಕೆ ಮೂರು ದಿನ ಉತ್ತರ ಬಾರದಿದ್ದರೆ ಅವಳು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾಳೆ. ‘ಕನ್ನಡ ಮಾತನಾಡುತ್ತೇನೆ, ಓದಲು ಬರುವುದಿಲ್ಲ’ ಎಂದು ನಾಲ್ಕು ಪದ ಸೇರಿಸಿದೆವು.

ಇಲ್ಲಿಯವರೆಗೆ ಸುಲಭ. ನಿಜವಾದ ತೊಡಕು ‘ಹೊಂದಿಕೊಂಡು ಹೋಗುವ ಹುಡುಗಿ’ ಎಂಬಲ್ಲಿತ್ತು. ಈ ಮಾತು ಕಂಡಲ್ಲೆಲ್ಲ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಯಾವುದಕ್ಕೆ ಹೊಂದಿಕೊಳ್ಳಬೇಕು? ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಹೆಂಡತಿಗೆ ಮೂತ್ರಪಿಂಡದ ತೊಂದರೆ, ವಾರಕ್ಕೆ ಮೂರು ದಿನ ಡಯಾಲಿಸಿಸ್. ಈಗ ಅವರೇ ಕರೆದುಕೊಂಡು ಹೋಗುತ್ತಾರೆ. ನಡುವೆ ಮಗನೂ ಒಂದು ಮಾತು ಸೇರಿಸಿದ: ಎರಡು ವರ್ಷದ ಹಿಂದೆ ಅವನ ನಿಶ್ಚಿತಾರ್ಥವಾಗಿ ಮುರಿದುಬಿದ್ದಿತ್ತು.

ಪ್ರಾಮಾಣಿಕತೆ ಎಂದರೆ ಎಲ್ಲವನ್ನೂ ಎಲ್ಲರ ಮುಂದೆ ಮೊದಲ ದಿನವೇ ಹರಡುವುದು ಎಂದು ಕೆಲವರು ತಿಳಿಯುತ್ತಾರೆ. ಹಾಗೆ ತಿಳಿದು ಹೆದರಿದವರು ಏನನ್ನೂ ಹೇಳದೆ ಉಳಿಯುತ್ತಾರೆ. ನಾನು ಪ್ರತಿ ಸಂಗತಿಗೂ ಎರಡು ಪ್ರಶ್ನೆ ಹಾಕುತ್ತೇನೆ. ಇದನ್ನು ಮೊದಲೇ ತಿಳಿದಿದ್ದರೆ ಎದುರಿನವರು ಮಾತುಕತೆಯನ್ನೇ ಆರಂಭಿಸುತ್ತಿರಲಿಲ್ಲವೇ? ಹೌದಾದರೆ ಅದು ಪ್ರೊಫೈಲಿನಲ್ಲೇ ಇರಬೇಕು. ಹಿಂದಿನ ಮದುವೆ, ವಿಚ್ಛೇದನ, ಮಗು, ವಯಸ್ಸು, ಮದುವೆಯ ನಂತರ ಇರುವ ಊರು ಇವೆಲ್ಲ ಈ ಜಾತಿಗೆ ಸೇರಿದವು. ಆರು ತಿಂಗಳಲ್ಲಿ ಮುಗಿದ ನೋಂದಾಯಿತ ಮದುವೆಯನ್ನು ‘ಅದು ಮದುವೆಯೇ ಅಲ್ಲ’ ಎಂದು ನುಂಗಿ ‘ಅವಿವಾಹಿತ’ ಎಂದು ಗುರುತು ಮಾಡುವವರಿದ್ದಾರೆ. ವಿಚ್ಛೇದನದ ತೀರ್ಪು ಬಂದಿದ್ದರೆ ಕಾನೂನಿನ ಕಣ್ಣಿಗೆ ಅವರು ವಿಚ್ಛೇದಿತರು, ಬಾರದಿದ್ದರೆ ಇನ್ನೂ ವಿವಾಹಿತರು. ಎರಡನೆಯ ಪ್ರಶ್ನೆ: ಇದನ್ನು ತಿಳಿದರೆ ಮದುವೆಗೆ ಒಪ್ಪುವ ನಿರ್ಧಾರ ಬದಲಾಗಬಹುದೇ? ಹೌದಾದರೆ ನಿಶ್ಚಿತಾರ್ಥಕ್ಕೆ ಮುನ್ನ, ಖುದ್ದಾಗಿ, ಆ ಒಂದು ಮನೆಯವರಿಗೆ ಮಾತ್ರ ಹೇಳಬೇಕು. ಕಾಯಿಲೆ, ದೊಡ್ಡ ಸಾಲ, ನಡೆಯುತ್ತಿರುವ ಮೊಕದ್ದಮೆ, ಮುರಿದ ನಿಶ್ಚಿತಾರ್ಥ ಇಲ್ಲಿ ಬರುತ್ತವೆ. ಎರಡಕ್ಕೂ ಇಲ್ಲ ಎಂಬ ಉತ್ತರ ಬಂದರೆ ಅದು ನಿಮ್ಮ ಸ್ವಂತ ವಿಷಯ.

ಹುಡುಗ ಹುಡುಗಿಯ ವಿಷಯದಲ್ಲಿ ಈ ಎರಡನೆಯ ಪ್ರಶ್ನೆಗೆ ಕಾನೂನಿನ ಬಲವೂ ಇದೆ. 1955ರ ಹಿಂದೂ ವಿವಾಹ ಕಾಯ್ದೆಯ 12ನೇ ಸೆಕ್ಷನ್ನಿನ ಪ್ರಕಾರ, ಎದುರಿನ ವ್ಯಕ್ತಿಗೆ ಸಂಬಂಧಿಸಿದ ಮುಖ್ಯ ಸಂಗತಿಯ ಬಗ್ಗೆ ವಂಚಿಸಿ ಒಪ್ಪಿಗೆ ಪಡೆದಿದ್ದರೆ, ವಂಚನೆ ತಿಳಿದ ಒಂದು ವರ್ಷದೊಳಗೆ ಮದುವೆಯನ್ನು ರದ್ದುಗೊಳಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ತಿಳಿದ ಮೇಲೂ ಒಪ್ಪಿ ಜೊತೆಗಿದ್ದರೆ ಆ ಹಕ್ಕು ಉಳಿಯುವುದಿಲ್ಲ. ಸಂಬಳವನ್ನು ತುಸು ಏರಿಸಿ ಹೇಳಿದ ಮಾತ್ರಕ್ಕೆ ಮದುವೆ ರದ್ದಾಗುತ್ತದೆ ಎಂದು ಇದರರ್ಥವಲ್ಲ. ಯಾವುದು ಮುಖ್ಯ ಸಂಗತಿ ಎಂಬುದನ್ನು ನ್ಯಾಯಾಲಯ ಪ್ರಕರಣ ನೋಡಿ ತೀರ್ಮಾನಿಸುತ್ತದೆ. ಗೋವೆಯಲ್ಲಿ ಕುಟುಂಬ ಕಾನೂನು ಬೇರೆ ಇರುವುದರಿಂದ ಅಲ್ಲಿಯವರು ಅಲ್ಲಿಯ ವಕೀಲರನ್ನೇ ಕೇಳಬೇಕು.

ತಾಯಿಯ ಡಯಾಲಿಸಿಸ್ ಅನ್ನು ಈ ಪ್ರಶ್ನೆಗಳಿಗೆ ಒಡ್ಡಿದೆವು. ಕಾಯಿಲೆ ತಾಯಿಯದು, ಅದನ್ನು ಸಾವಿರಾರು ಅಪರಿಚಿತರು ಓದುವ ಕಡೆ ಹಾಕುವ ಹಕ್ಕು ಮಗನಿಗೂ ಇಲ್ಲ, ಗಂಡನಿಗೂ ಇಲ್ಲ. ಆದರೆ ಬರುವವಳ ದಿನಚರಿಗೆ ಅದು ತಟ್ಟುತ್ತದೆ. ಹಾಗಾಗಿ ಪ್ರೊಫೈಲಿಗೆ ಹೋದದ್ದು “ತಂದೆ ತಾಯಿಯೊಂದಿಗೆ ಇದ್ದೇನೆ, ಮದುವೆಯ ನಂತರವೂ ಅವರೊಂದಿಗೇ ಇರುತ್ತೇನೆ” ಎಂಬ ಸಾಲು ಮಾತ್ರ. ಪ್ರತ್ಯೇಕ ಸಂಸಾರ ಬಯಸುವವರು ಅದನ್ನು ಓದಿಯೇ ಮುಂದೆ ಹೋಗುತ್ತಾರೆ, ಯಾರಿಗೂ ಬೇಸರವಿಲ್ಲ. ಆಸಕ್ತಿ ತೋರಿದವರೊಂದಿಗೆ ಹುಡುಗ ಫೋನಿನಲ್ಲಿ ಮಾತನಾಡಿ, ಮನೆಗೆ ಬರುವ ಮೊದಲೇ ತಾಯಿಯ ಸ್ಥಿತಿಯನ್ನೂ ಆರೈಕೆ ಯಾರು ಮಾಡುತ್ತಾರೆ ಎಂಬುದನ್ನೂ ಹೇಳುವುದು ಎಂದಾಯಿತು. ಹಾಗೆ ಹೇಳಲು ತಾಯಿಯ ಒಪ್ಪಿಗೆ ಕೇಳಿದಾಗ ಅವರು ಅಂದ ಮಾತು: “ನನ್ನನ್ನು ನೋಡಿಕೊಳ್ಳಲು ಸೊಸೆ ತರುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು.” ‘ಹೊಂದಿಕೊಂಡು ಹೋಗುವ’ ಎಂಬುದನ್ನು ತೆಗೆಯಲು ತಂದೆ ಒಪ್ಪಿದ್ದು ಆ ಮಾತು ಕೇಳಿದ ಮೇಲೆ. ಮುರಿದ ನಿಶ್ಚಿತಾರ್ಥವೂ ಫೋನಿನ ಮಾತಿಗೇ ಹೋಯಿತು. ಅಲ್ಲಿಯೂ ಆ ಹುಡುಗಿಯ ಹೆಸರು, ಊರು, ಅವಳ ಕಡೆಯ ಕಾರಣಗಳು ಬೇಡ.

ಇನ್ನು ಬಯಲಾಗಿದ್ದ ವಿವರಗಳು. ಮೊದಲು ಕಣ್ಣಿಗೆ ಬಿದ್ದದ್ದು ತಂಗಿ. ಅಣ್ಣನ ಪ್ರೊಫೈಲಿನಲ್ಲಿ ಅವಳ ವಯಸ್ಸು, ಓದು, ಕಂಪನಿ, ಅವಿವಾಹಿತೆ ಎಂಬ ಘೋಷಣೆ, ಕುಟುಂಬದ ಫೋಟೋದಲ್ಲಿ ಅವಳ ಮುಖ ಎಲ್ಲವೂ ಇದ್ದವು. ಅವಳ ಪ್ರೊಫೈಲ್ ಎಲ್ಲೂ ಇರಲಿಲ್ಲ, ಅವಳಿಗೆ ಸದ್ಯ ಮದುವೆಯ ವಿಚಾರವೂ ಇರಲಿಲ್ಲ. ಅಣ್ಣನಿಗೆ ಸಂಬಂಧ ಕೇಳುವ ನೆಪದಲ್ಲಿ ತಂಗಿಯ ಕಚೇರಿಯ ಬಾಗಿಲಿಗೆ ಹೋಗಿ ನಿಲ್ಲಬಲ್ಲವರಿಗೆ ಇದಕ್ಕಿಂತ ಹೆಚ್ಚು ಏನು ಬೇಕು? ‘ಒಬ್ಬಳು ತಂಗಿ, ಉದ್ಯೋಗದಲ್ಲಿದ್ದಾಳೆ’ ಎಂದರೆ ಸಾಕು.

ಒಂದೊಂದಾಗಿ ನೋಡಿದರೆ ನಿರುಪದ್ರವಿ ಎನಿಸುವ ವಿವರಗಳು ಒಟ್ಟಾದಾಗ ಅಪಾಯಕಾರಿಯಾಗುತ್ತವೆ. ಕಂಪನಿಯ ಹೆಸರು, ಹುದ್ದೆ, ಮೊದಲ ಹೆಸರು, ಮುಖ ಇಷ್ಟಿದ್ದರೆ ಉದ್ಯೋಗಿಗಳ ಜಾಲತಾಣದಲ್ಲಿ ಪೂರ್ತಿ ಹೆಸರು ಸಿಗುತ್ತದೆ. ಪೂರ್ತಿ ಹೆಸರಿನಿಂದ ಫೇಸ್‌ಬುಕ್, ಅಲ್ಲಿಂದ ಅಕ್ಕಪಕ್ಕದವರು, ಊರಿನ ದೈವಸ್ಥಾನದ ಫೋಟೋಗಳು, ಸೋದರಮಾವಂದಿರು. ಕಂಪನಿಯ ಹೆಸರು ಬೇಡ ಎಂದದ್ದು ಇದಕ್ಕೆ. ಹುಟ್ಟಿದ ದಿನಾಂಕ ಮತ್ತು ತಾಯಿಯ ತವರು ಮನೆತನದ ಹೆಸರು ಇನ್ನೂ ಸೂಕ್ಷ್ಮ. ಬ್ಯಾಂಕುಗಳೂ ಬೇರೆ ಸಂಸ್ಥೆಗಳೂ ಫೋನಿನಲ್ಲಿ ಗುರುತು ಖಚಿತಪಡಿಸಿಕೊಳ್ಳಲು ಕೇಳುತ್ತಾ ಬಂದಿರುವ ಪ್ರಶ್ನೆಗಳು ಇವೇ. ಇವನ್ನೆಲ್ಲ ಓದಿಕೊಂಡ ವಂಚಕ ಫೋನ್ ಮಾಡುವಾಗ ಅಪರಿಚಿತನಂತೆ ಮಾತನಾಡುವುದಿಲ್ಲ. ‘ನಿಮ್ಮ ಮಾವನ ಮನೆಯ ಕಡೆಯವನು, ಬ್ಯಾಂಕಿನಲ್ಲಿ ನಿಮ್ಮ ಜೊತೆ ಇದ್ದವರ ಮಗ’ ಎಂದು ಸಲೀಸಾಗಿ ಒಳಗೆ ಬರುತ್ತಾನೆ. ‘ಕಳೆದ ವರ್ಷ ಬ್ಯಾಂಕಿನಿಂದ ನಿವೃತ್ತ’ ಎಂಬ ಸಾಲು ಅಂಥವನಿಗೆ ಹೇಳುವುದು ಒಂದೇ, ಈ ಮನೆಯಲ್ಲಿ ಈಗ ನಿವೃತ್ತಿಯ ಇಡಿಗಂಟು ಇದೆ. ‘ಒಬ್ಬಳೇ ಮಗಳು, ಆಸ್ತಿಗೆ ಬೇರೆ ಹಕ್ಕುದಾರರಿಲ್ಲ’ ಎಂದು ಬರೆಯುವ ಹೆಣ್ಣಿನ ಕಡೆಯವರಂತೂ ಕಳ್ಳನಿಗೆ ದಾರಿ ತೋರಿಸಿದಂತೆ. ವಿದೇಶದ ವರ, ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದ ಉಡುಗೊರೆಯ ಪೆಟ್ಟಿಗೆ, ಅದನ್ನು ಬಿಡಿಸಲು ತುರ್ತು ಹಣ ಎಂಬ ಹಳೆಯ ಆಟ ಈಗಲೂ ನಡೆಯುತ್ತಿದೆ. ಅದರ ಹೊಸ ರೂಪದಲ್ಲಿ ವರ ಕ್ರಿಪ್ಟೋ ಹೂಡಿಕೆ ಕಲಿಸುತ್ತಾನೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು ಅಥವಾ cybercrime.gov.in ನಲ್ಲಿ ದೂರು ಕೊಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

“ಜಾತಕ ಕೊಡದಿದ್ದರೆ ಯಾರು ಕೇಳುತ್ತಾರೆ?” ಎಂದು ತಂದೆ ಕೇಳಿದರು. ಅದಕ್ಕೆ ಉತ್ತರ ಜಾತಕದ ಲೆಕ್ಕದಲ್ಲೇ ಇದೆ. ಮೂವತ್ತಾರು ಗುಣಗಳ ಕೂಟ ಲೆಕ್ಕ ನಡೆಯುವುದು ಚಂದ್ರನ ನಕ್ಷತ್ರ, ಪಾದ ಮತ್ತು ರಾಶಿಯ ಮೇಲೆ. ಇಷ್ಟು ಕೊಟ್ಟರೆ ಯಾವ ಜೋಯಿಸರೂ ಮೊದಲ ಸುತ್ತಿನ ಹೊಂದಾಣಿಕೆ ನೋಡಬಲ್ಲರು. ಲಗ್ನ ಕುಂಡಲಿ ಬೇಕಾಗುವುದು ಕುಜದೋಷದಂಥದನ್ನು ನೋಡುವಾಗ. ಹುಟ್ಟಿದ ಗಳಿಗೆ, ಊರುಗಳನ್ನು ಆ ಹಂತ ತಲಪಿದ ಮನೆಗೆ ಮಾತ್ರ ಕೊಟ್ಟರೆ ಆಯಿತು. ಅಳಿಯಕಟ್ಟಿನ ನಮ್ಮ ಕರಾವಳಿ ಸಮುದಾಯಗಳಲ್ಲಿ ಗೋತ್ರದ ಬದಲು ತಾಯಿಯಿಂದ ಬರುವ ಬಳಿಯನ್ನು ನೋಡುತ್ತಾರೆ. ಒಂದೇ ಬಳಿಯಾದರೆ ಸಂಬಂಧವೇ ಇಲ್ಲ. ಅದು ಮೊದಲ ಪ್ರಶ್ನೆಗೆ ಸೇರಿದ್ದು, ಹಾಗಾಗಿ ಪ್ರೊಫೈಲಿನಲ್ಲಿ ಇರಲಿ. ಬಳಿಯ ಹೆಸರು ನೂರಾರು ಮನೆಗಳಿಗೆ ಸಮಾನ, ಅದರಿಂದ ಯಾರ ಮನೆಯೂ ಪತ್ತೆಯಾಗುವುದಿಲ್ಲ. ತವರು ಮನೆತನದ ಹೆಸರಿನಿಂದ ಪತ್ತೆಯಾಗುತ್ತದೆ.

ಫೋಟೋಗಳಲ್ಲಿ ಮುಖಕ್ಕಿಂತ ಹಿನ್ನೆಲೆಯನ್ನು ನೋಡಬೇಕು. ಒಂದರಲ್ಲಿ ಹುಡುಗ ಕಾರಿಗೆ ಒರಗಿ ನಿಂತಿದ್ದ, ನಂಬರ್ ಪ್ಲೇಟು ಸ್ಪಷ್ಟ. ಇನ್ನೊಂದರಲ್ಲಿ ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ. ಮೂರನೆಯದು ನಾಲ್ಕು ವರ್ಷ ಹಳೆಯದು, ತಲೆಗೂದಲು ಈಗಿಗಿಂತ ದಟ್ಟ. ಮೂರನ್ನೂ ತೆಗೆದೆವು. ಕಳೆದ ಕೆಲವು ತಿಂಗಳೊಳಗಿನ, ಒಬ್ಬನೇ ಇರುವ, ಸಾದಾ ಗೋಡೆಯ ಮುಂದಿನ ಎರಡು ಚಿತ್ರಗಳು ಸಾಕು. ಮೊಬೈಲಿನಲ್ಲಿ ತೆಗೆದ ಚಿತ್ರದೊಳಗೆ ತೆಗೆದ ಸ್ಥಳದ ವಿವರವೂ ಅಡಗಿರಬಹುದು. ಸ್ಪಷ್ಟವಾಗಿ ಕಾಣಲೆಂದು ವಾಟ್ಸ್ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಅದೂ ಜೊತೆಗೇ ಹೋಗುತ್ತದೆ.

ತಾಣಕ್ಕಿಂತ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಪಿಡಿಎಫ್ ಬಯೋಡೇಟಾ. ತಾಣದ ಪ್ರೊಫೈಲನ್ನು ತಿದ್ದಬಹುದು, ಮರೆಮಾಡಬಹುದು, ಅಳಿಸಬಹುದು. ಸಮಾಜದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ ಪಿಡಿಎಫ್ ಅಲ್ಲಿಂದ ಅತ್ತಿಗೆಯ ಗುಂಪಿಗೆ, ಅಲ್ಲಿಂದ ಊರಿನ ಗುಂಪಿಗೆ ಹೋಗಿ, ಮದುವೆಯಾಗಿ ಮಗುವಾದ ಮೇಲೂ ಯಾರೋ ‘ಹುಡುಗ ಇನ್ನೂ ಇದ್ದಾನೆಯೇ’ ಎಂದು ಕೇಳುತ್ತಾರೆ. ಅದಕ್ಕೇ ಗುಂಪಿಗೆ ಹಾಕುವ ಪ್ರತಿಯಲ್ಲಿ ತಾಣದ ಪ್ರೊಫೈಲಿಗಿಂತ ಒಂದು ಅಕ್ಷರವೂ ಹೆಚ್ಚಿರಬಾರದು. ಸಂಪರ್ಕಕ್ಕೆ ಮದುವೆಯ ವಿಚಾರಕ್ಕೆಂದೇ ತೆಗೆದುಕೊಂಡ ಬೇರೆ ಸಿಮ್ಮಿನ ನಂಬರು ಕೊಡುವುದು ಒಳ್ಳೆಯದು. ಬ್ಯಾಂಕ್ ಖಾತೆಗೆ ಜೋಡಿಸಿದ ನಂಬರು ಬೇಡ. ಪುಟದ ಕೆಳಗೆ ತಿಂಗಳು, ವರ್ಷ ನಮೂದಿಸಿದರೆ ಹಳೆಯದು ಹಳೆಯದೆಂದು ಓದಿದವರಿಗೆ ತಿಳಿಯುತ್ತದೆ. ಆಧಾರ್ ಪ್ರತಿಯನ್ನು ಯಾವ ಮನೆಯವರು ಕೇಳಿದರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿಯನ್ನೇ ಕೊಡಿ.

ಎಲ್ಲ ಮುಗಿದ ಮೇಲೆ ಪ್ರೊಫೈಲನ್ನು ಹುಡುಗನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದೆ. ಅಪ್ಪ ಬರೆದ ಮೊದಲಿನದನ್ನು ಅವನು ಒಮ್ಮೆಯೂ ಓದಿರಲಿಲ್ಲವಂತೆ. ಈಗಿನದು ಹೀಗಿದೆ:

“ಐರೋಲಿಯಲ್ಲಿ ಸಾಫ್ಟ್‌ವೇರ್ ಪರೀಕ್ಷಾ ತಂಡದ ಮುಖ್ಯಸ್ಥ. ಡೊಂಬಿವಲಿಯಲ್ಲಿ ತಂದೆ, ತಾಯಿ, ಉದ್ಯೋಗದಲ್ಲಿರುವ ತಂಗಿಯೊಂದಿಗೆ ತಂದೆಯ ಮನೆಯಲ್ಲಿ ಇದ್ದೇನೆ. ಮದುವೆಯ ನಂತರವೂ ತಂದೆ ತಾಯಿಯೊಂದಿಗೇ ಇರುತ್ತೇನೆ. ಸಾಲದಲ್ಲಿ ಕೊಂಡ ಇನ್ನೊಂದು ಮನೆ ನಿರ್ಮಾಣದಲ್ಲಿದೆ. ಮೂಲ ಕುಂದಾಪುರ ತಾಲೂಕು. ಮನೆಯಲ್ಲಿ ಕುಂದಾಪುರ ಕನ್ನಡ, ಹೊರಗೆ ಮರಾಠಿ. ಕನ್ನಡ ಓದಲು ಬರುವುದಿಲ್ಲ. ಮೀನು ಮಾಡುತ್ತೇವೆ, ಸೋಮವಾರ ಇಲ್ಲ. ಅಪರೂಪಕ್ಕೆ ಕುಡಿಯುತ್ತೇನೆ. ತಾಳಮದ್ದಳೆ ಇದ್ದ ಭಾನುವಾರ ಅಲ್ಲಿರುತ್ತೇನೆ, ಇಲ್ಲದಿದ್ದರೆ ಮಧ್ಯಾಹ್ನದವರೆಗೆ ನಿದ್ದೆ. ಹುಡುಗಿ ಕೆಲಸದಲ್ಲಿದ್ದರೆ ಮುಂದುವರಿಸಬಹುದು. ಠಾಣೆ, ನವಿ ಮುಂಬೈ ಕಡೆಯ ಕೆಲಸವಾದರೆ ಓಡಾಟ ಸುಲಭ.”

ತಂದೆಗೆ ಇದು ತೀರಾ ಬಡವಾಗಿ ಕಂಡಿತು. ತೆಂಗಿನ ತೋಟವಾದರೂ ಇರಲಿ ಎಂದರು. ಎಷ್ಟು ಎಕರೆ, ಎಲ್ಲಿ, ಯಾರ ಪಾಲು ಎಂದು ಬರೆಯದಿದ್ದರೆ ಇರಲಿ ಎಂದು ಬಿಟ್ಟೆ. ‘ಊರಿನಲ್ಲಿ ಕೃಷಿ ಇದೆ’ ಎಂದು ಸೇರಿತು.

ಸಂಬಂಧ ಕೂಡಿಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ತಾಣದಲ್ಲಿ ಪ್ರೊಫೈಲನ್ನು ‘ಮರೆಮಾಡುವುದು’ ಬೇರೆ, ಖಾತೆಯನ್ನು ‘ಅಳಿಸುವುದು’ ಬೇರೆ. ಮರೆಮಾಡಿದರೆ ಫೋಟೋ, ನಂಬರು, ಜಾತಕ ಎಲ್ಲವೂ ಅವರ ಬಳಿಯೇ ಇರುತ್ತವೆ. ಫೋಟೋಗಳನ್ನೂ ಜಾತಕವನ್ನೂ ಮೊದಲು ಒಂದೊಂದಾಗಿ ತೆಗೆದು, ಆಮೇಲೆ ಅಳಿಸುವ ಆಯ್ಕೆಯನ್ನೇ ಹುಡುಕಿ ಒತ್ತಬೇಕು. ಹೆಚ್ಚಿನ ತಾಣಗಳಲ್ಲಿ ಅದು ಸೆಟ್ಟಿಂಗ್‌ನ ತಳದಲ್ಲಿರುತ್ತದೆ, ನಡುವೆ ‘ಸ್ವಲ್ಪ ದಿನ ಮರೆಮಾಡಿದರೆ ಸಾಲದೇ’ ಎಂದು ಒಂದೆರಡು ಬಾರಿ ಕೇಳುತ್ತದೆ. ಮ್ಯಾಟ್ರಿಮನಿ ತಾಣಗಳ ಕುರಿತು ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ಸಲಹಾಸೂಚಿಯನ್ನು ಹೊರಡಿಸಿದೆ; ಬಳಕೆದಾರರ ದೂರು ಕೇಳಲು ಅಧಿಕಾರಿಯೊಬ್ಬರು ಇರಬೇಕೆಂಬ ನಿಯಮವೂ ಇದೆ. ಅಳಿಸಿದ ಮೇಲೂ ಪ್ರೊಫೈಲ್ ಎಲ್ಲಾದರೂ ಕಂಡರೆ ಆ ಅಧಿಕಾರಿಗೆ ಲಿಖಿತವಾಗಿ ಬರೆದು, ಉತ್ತರವನ್ನು ಇಟ್ಟುಕೊಳ್ಳಬೇಕು. ವಧೂವರ ಕೇಂದ್ರದ ಕಡತದಲ್ಲಿರುವ ಪ್ರತಿಯನ್ನು ಕೇಳಿ ವಾಪಸು ಪಡೆಯಬೇಕು. ನಮ್ಮಲ್ಲಿ ಕೇಳಿದವರಿಗೆ ಕೊಡುತ್ತೇವೆ, ಕೇಳುವವರು ಮಾತ್ರ ಬಹಳ ಕಡಿಮೆ.